ಎಲೆಯ ಸುತ್ತ ಬಿಳಿ ಗೆರೆ: ಬೇಲಿಯ ಹಿಂದೆ ಅಣ್ಣನನ್ನು ನಿಲ್ಲಿಸಿದ ಒಂದು ಪ್ರಕರಣ

ಫೋಟೋದಲ್ಲಿ ಏಳು ಜನ, ಸೊಂಟದೆತ್ತರದ ಮರದ ಬೇಲಿಯ ಹಿಂದೆ ಸಾಲಾಗಿ ನಿಂತಿದ್ದಾರೆ. ಬೇಲಿಗೆ ಬಿಳಿ ಬಣ್ಣ ಬಳಿದಿದೆ. ಬಲ ಮೇಲ್ಮೂಲೆಯಿಂದ ಒಂದು ಕೊಂಬೆ ಇಳಿದು ಬಂದು, ಸಾಲಿನ ನಡುವೆ ತಾಯಿಗೂ ಅಳಿಯನಿಗೂ ಮಧ್ಯೆ ಇರುವ ಖಾಲಿ ಜಾಗದ ಮುಂದೆ ಎಲೆ ಚಾಚಿ ನಿಂತಿದೆ. ಆ ಜಾಗದಲ್ಲಿ ನಿಲ್ಲಬೇಕಿದ್ದ ಹಿರಿಯ ಮಗ ಆ ದಿನ ಬಂದಿರಲಿಲ್ಲ. ಕೆಲಸ ಕೊಟ್ಟವರು ಅವನ ತಂಗಿ. 'ಅಣ್ಣನ್ನ ಅಮ್ಮನ ಪಕ್ಕ ನಿಲ್ಲಿಸಿಕೊಡಿ ಸರ್, ಜಾಗ ಹೇಗೂ ಖಾಲಿ ಇದೆ' ಅಂದರು.

ಜಾಗ ಖಾಲಿ ಇದ್ದದ್ದು ನಿಜ. ಆದರೆ ಅದರ ಮುಂದೆ ಮೂರು ವಸ್ತುಗಳಿದ್ದವು: ಬೇಲಿ, ಕೊಂಬೆ, ಮತ್ತು ನಾನು ಮೊದಲು ಲೆಕ್ಕಕ್ಕೇ ತೆಗೆದುಕೊಳ್ಳದ ಹುಲ್ಲು.

ಅವರು ಮೊದಲು ಕಳಿಸಿದ ಚಿತ್ರ ಕೆಲಸಕ್ಕೆ ಬರಲಿಲ್ಲ. ಅದರಲ್ಲಿ ಅಣ್ಣ ಊಟದ ಮೇಜಿನ ಹಿಂದೆ ಕೂತಿದ್ದ, ಮೇಜಿನ ಅಂಚಿನಿಂದ ಕೆಳಗೆ ದೇಹವೇ ಇಲ್ಲ. ಅಂಥ ಚಿತ್ರವನ್ನು ಇನ್ನೊಂದು ಮೇಜಿನ ಹಿಂದೆ ಕೂರಿಸಬಹುದು, ಏಕೆಂದರೆ ಮೇಜು ತನ್ನ ಹಿಂದಿರುವುದನ್ನು ಪೂರ್ತಿ ಮುಚ್ಚುತ್ತದೆ. ಅಲ್ಲಿ ಅಂಚು ನೇರ ಗೆರೆ, ಪೆನ್ ಟೂಲಿನಲ್ಲಿ ನಾಲ್ಕು ಬಿಂದು ಇಟ್ಟರೆ ಮುಗಿಯಿತು. ತೊಡಕಾಗುವುದು ಕೈ ಮಾತ್ರ. ಎದೆ ಅಂಚಿನ ಹಿಂದೆ, ಮುಂಗೈ ಅಂಚಿನ ಮೇಲೆ. ಹಾಗಾಗಿ ಮುಂಗೈಯನ್ನು ಬೇರೆ ಲೇಯರಿಗೆ ತೆಗೆದು, ಯಾವ ಭಾಗ ಕಾಣಬೇಕು, ಯಾವುದು ಅಡಗಬೇಕು ಎಂದು ಹೇಳುವ ಮಾಸ್ಕಿನ ಹೊರಗಿಟ್ಟು, ಅದರ ಅಡಿಯಲ್ಲಿ ತೆಳುವಾದ ನೆರಳು ಹಾಕಬೇಕು. ಬೇಲಿಯ ಕಥೆ ಬೇರೆ. ಅದು ಮುಚ್ಚುತ್ತದೆ, ತೋರಿಸುತ್ತದೆ, ಮತ್ತೆ ಮುಚ್ಚುತ್ತದೆ. ಪ್ರತಿ ಸಂದಿಯಲ್ಲೂ ಕಾಲು ಕಾಣಬೇಕು. ಹಾಗಾಗಿ ಪಾದದವರೆಗೆ ಇರುವ, ಎಡಗಡೆಯಿಂದ ಬಿಸಿಲು ಬಿದ್ದಿರುವ ಚಿತ್ರ ಕೇಳಿದೆ. ಎರಡು ದಿನ ಬಿಟ್ಟು ಬಂತು.

ಎತ್ತರದ ಬಗ್ಗೆ ಒಂದೇ ಪ್ರಶ್ನೆ ಕೇಳಿದ್ದೆ: ಅಣ್ಣ ನಿಮ್ಮ ಯಜಮಾನರಿಗಿಂತ ಎತ್ತರವೋ ಗಿಡ್ಡವೋ? 'ಅವರ ಕಿವಿವರೆಗೆ ಬರ್ತಾನೆ ಅಷ್ಟೇ' ಎಂದರು. ಇಷ್ಟು ಸಾಕು. ಅಳಿಯ ಅದೇ ಸಾಲಿನಲ್ಲಿ ನಿಂತಿದ್ದಾನೆ, ಅವನ ಬೂಟು ಬೇಲಿಯ ಅಡಿಯಲ್ಲಿ ಕಾಣುತ್ತದೆ. ಅಣ್ಣನ ಪಾದ ಅದೇ ಮಟ್ಟಕ್ಕೆ, ನೆತ್ತಿ ಅಳಿಯನ ಕಿವಿಯ ಮಟ್ಟಕ್ಕೆ. 6000×4000 ಪಿಕ್ಸೆಲ್ ಚಿತ್ರದಲ್ಲಿ ಅದು ಸುಮಾರು 2300 ಪಿಕ್ಸೆಲ್ ಎತ್ತರ ಬಂತು. ಮುಂದೆ ಬೇಲಿ ಇದ್ದರೆ ಪಾದ ಹೇಗೂ ಕಾಣುವುದಿಲ್ಲ ಎಂದು ಎತ್ತರವನ್ನು ಅಂದಾಜಿನಲ್ಲಿ ಬಿಡುವವರಿದ್ದಾರೆ. ಅಂಥ ಚಿತ್ರದಲ್ಲಿ ಸೇರಿಸಿದ ವ್ಯಕ್ತಿ ಗುಂಡಿಯಲ್ಲೋ ಮಣೆಯ ಮೇಲೋ ನಿಂತ ಹಾಗೆ ಕಾಣುತ್ತಾನೆ.

ಕೆಲಸವನ್ನು ಫೋಟೋಶಾಪಿನಲ್ಲಿ ಮಾಡಿದೆ, ಆದರೆ ಲೇಯರ್, ಮಾಸ್ಕ್ ಇರುವ ಯಾವ ತಂತ್ರಾಂಶದಲ್ಲೂ ತತ್ವ ಇದೇ. ಮೊದಲ ತೀರ್ಮಾನ, ಮಾಸ್ಕ್ ಎಲ್ಲಿ ಹಾಕಬೇಕು ಎಂಬುದು. ಅಣ್ಣನ ಲೇಯರಿಗೇ ಮಾಸ್ಕ್ ಹಾಕಿ ಬೇಲಿಯ ಆಕಾರದಲ್ಲಿ ಅಳಿಸಬಹುದು. ಆದರೆ ಆಮೇಲೆ ಅವನನ್ನು ಸ್ವಲ್ಪ ಸರಿಸಿದರೆ ಮಾಸ್ಕೂ ಜೊತೆಗೆ ಸರಿಯುತ್ತದೆ, ಬೇಲಿಯ ತೂತುಗಳು ಬೇಲಿಯನ್ನು ಬಿಟ್ಟು ಪ್ಯಾಂಟಿನ ಮೇಲೆ ಹೋಗಿ ಕೂರುತ್ತವೆ. ಹಾಗಾಗಿ ಅಣ್ಣನ ಲೇಯರನ್ನು ಒಂದು ಗ್ರೂಪಿನೊಳಗೆ ಇಟ್ಟು, ಬೇಲಿಯ ಮಾಸ್ಕನ್ನು ಗ್ರೂಪಿಗೆ ಹಾಕಿದೆ. ಒಳಗಿರುವವನನ್ನು ಎಲ್ಲಿಗೆ ಸರಿಸಿದರೂ ಮಾಸ್ಕ್ ಬೇಲಿಯ ಜಾಗದಲ್ಲೇ ನಿಲ್ಲುತ್ತದೆ. ಅವನ ಸ್ವಂತ ಆಕಾರ ಕತ್ತರಿಸುವ ಮಾಸ್ಕ್ ಅವನ ಲೇಯರಿನ ಮೇಲೇ ಇರುತ್ತದೆ. ಎರಡನ್ನೂ ಬೆರೆಸಬಾರದು.

ಬೇಲಿಯ ಪಟ್ಟಿಗಳು ನೇರವಾಗಿದ್ದವು, ಒಂದೊಂದು ಸುಮಾರು 105 ಪಿಕ್ಸೆಲ್ ಅಗಲ, ನಡುವಿನ ಸಂದಿ 70. ಅಣ್ಣ ನಿಲ್ಲುವ ಜಾಗದಲ್ಲಿ ಐದು ಪಟ್ಟಿ, ಎರಡು ಅಡ್ಡಪಟ್ಟಿ. ಪೆನ್ ಟೂಲಿನಲ್ಲಿ ಅರ್ಧ ಗಂಟೆಯ ಕೆಲಸ. ಪೆನ್ನಿನಿಂದ ಬಂದ ಅಂಚು ಬ್ಲೇಡಿನಲ್ಲಿ ಕೊಯ್ದಂತೆ ಇರುತ್ತದೆ, ಫೋಟೋದ ಅಂಚು ಹಾಗಿರುವುದಿಲ್ಲ. ಬೇಲಿಯನ್ನು 400 ಪ್ರತಿಶತಕ್ಕೆ ಹಿಗ್ಗಿಸಿ ನೋಡಿದಾಗ ಬಿಳಿ ಪಟ್ಟಿಯಿಂದ ಹಿಂದಿನ ಹಸಿರಿಗೆ ಬಣ್ಣ ಬದಲಾಗಲು ಮೂರು ಪಿಕ್ಸೆಲ್ ಹಿಡಿಯುತ್ತಿತ್ತು. ಮಾಸ್ಕಿಗೂ ಅಷ್ಟೇ ಮೃದುತನ ಬರುವ ಹಾಗೆ ಒಂದು ಪಿಕ್ಸೆಲ್ ಫೆದರ್ ಕೊಟ್ಟೆ. ಪಟ್ಟಿಯ ಸೆಲೆಕ್ಷನ್ನನ್ನು ಒಂದು ಪಿಕ್ಸೆಲ್ ಒಳಕ್ಕೂ ತಂದೆ. ಅಂಚಿನ ಆ ಪಿಕ್ಸೆಲ್‌ಗಳಲ್ಲಿ ಹಿಂದಿನ ಗಿಡದ ಹಸಿರು ಬೆರೆತಿದ್ದು, ಕಪ್ಪು ಪ್ಯಾಂಟಿನ ಪಕ್ಕದಲ್ಲಿ ಅದು ಎದ್ದು ಕಾಣುತ್ತದೆ. ಈ ಸೆಲೆಕ್ಷನ್ನನ್ನು Save Selection ಕೊಟ್ಟು 'ಬೇಲಿ' ಹೆಸರಿನ ಬೇರೆ ಚಾನೆಲಾಗಿಯೂ ಉಳಿಸಿಕೊಂಡೆ. ಮುಂದೆ ನೆರಳಿಗೆ ಬೇಕಾಗುತ್ತದೆ ಎಂದು ಆಗ ಗೊತ್ತಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಭ್ಯಾಸಬಲ, ಅಷ್ಟೇ.

ಮಾಸ್ಕ್ ಪರೀಕ್ಷಿಸಲು ನಾನು ಅಣ್ಣನ ಮೇಲೆ ಒಂದು ಗಾಢ ನೇರಳೆ ಬಣ್ಣದ ಲೇಯರ್ ಹಾಕಿ, ಅವನ ಆಕಾರಕ್ಕೇ ಸೀಮಿತವಾಗುವಂತೆ Create Clipping Mask ಕೊಡುತ್ತೇನೆ. ಆಗ ಬೇಲಿಯ ಹಿಂದೆ ನೇರಳೆ ಗೊಂಬೆ ನಿಂತ ಹಾಗಾಗುತ್ತದೆ. ಮುಖ, ಅಂಗಿ ಎಂದು ಕಣ್ಣು ಅಲೆಯುವುದಿಲ್ಲ, ತಪ್ಪು ಮಾತ್ರ ಕಾಣುತ್ತದೆ. ಇಲ್ಲಿ ಎರಡು ಸಿಕ್ಕವು. ಮೇಲಿನ ಅಡ್ಡಪಟ್ಟಿ ಮತ್ತು ಮೂರನೆಯ ಪಟ್ಟಿ ಸೇರುವ ಮೂಲೆಯಲ್ಲಿ ಹಿಂದಿನ ಹಸಿರನ್ನೇ ಮರವೆಂದು ಸೇರಿಸಿಬಿಟ್ಟಿದ್ದೆ. ಇನ್ನೊಂದು ಕಡೆ ಪಟ್ಟಿಯ ತುದಿ ಸೀಳಿಕೊಂಡಿತ್ತು, ಆ ಸೀಳಿನೊಳಗೂ ನೇರಳೆ ಕಾಣಬೇಕಿತ್ತು, ಕಾಣಲಿಲ್ಲ.

ಇನ್ನು ಕೊಂಬೆ.

ಕೊಂಬೆ ಬೇಲಿಗಿಂತಲೂ ಮುಂದೆ, ಕ್ಯಾಮೆರಾಗೆ ಹತ್ತಿರ ಇತ್ತು. ಫೋಕಸ್ ಇದ್ದದ್ದು ಜನರ ಮೇಲೆ, ಹಾಗಾಗಿ ಎಲೆಗಳು ಸ್ವಲ್ಪ ಮಸುಕು. ಬೇಲಿಯ ಅಂಚು ಮೂರು ಪಿಕ್ಸೆಲ್‌ನಲ್ಲಿ ಮುಗಿದರೆ ಎಲೆಯ ಅಂಚು ಒಂಬತ್ತು ಹತ್ತು ಪಿಕ್ಸೆಲ್ ಉದ್ದಕ್ಕೂ ಹರಡಿತ್ತು. ಎಲೆಗಳ ಹಿಂದೆ ಬಹುಪಾಲು ಬರೀ ಆಕಾಶ, ಬೆಳ್ಳಗೆ. ಆ ಆಕಾಶದ ಜಾಗದಲ್ಲಿ ಈಗ ಅಣ್ಣನ ಕಪ್ಪು ಕೂದಲು ಬರಬೇಕು.

ಆಕಾಶದ ಮೇಲಿನ ಎಲೆಗಳನ್ನು ಒಂದೊಂದಾಗಿ ಬಿಡಿಸುವುದು ಮೂರ್ಖತನ. ಚಿತ್ರದ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ನೋಡಿದರೆ ಎಲೆಗೂ ಆಕಾಶಕ್ಕೂ ಅತಿ ಹೆಚ್ಚು ಅಂತರ ಕಾಣುವುದು Blue ಚಾನೆಲಿನಲ್ಲಿ. ಹಸಿರು ಎಲೆ, ಬಿಸಿಲಿಗೆ ಹಳದಿಯಾಗಿ ಹೊಳೆಯುವ ಎಲೆ ಕೂಡ, ಅಲ್ಲಿ ಕಪ್ಪಾಗಿರುತ್ತದೆ. ಆಕಾಶ ಬಿಳಿಯಾಗಿರುತ್ತದೆ. ಆ ಚಾನೆಲಿನ ಪ್ರತಿ ತೆಗೆದು, Levels ನಲ್ಲಿ ಎರಡು ತುದಿಗಳನ್ನು ಒಳಕ್ಕೆ ಎಳೆದು, ಎಲೆ ಪೂರ್ತಿ ಕಪ್ಪು, ಆಕಾಶ ಪೂರ್ತಿ ಬಿಳುಪು ಆಗುವಂತೆ ಮಾಡಿ, ತಿರುವುಮುರುವು ಮಾಡಿದರೆ ಎಲೆಗಳ ಮಾಸ್ಕ್ ಸಿದ್ಧ. ಅಂಚಿನ ಮಸುಕು ಬೂದು ಛಾಯೆಯಾಗಿ ಹಾಗೇ ಉಳಿಯುವಷ್ಟು ಮಾತ್ರ ಎಳೆಯಬೇಕು, ಹೆಚ್ಚು ಎಳೆದರೆ ಎಲೆ ಗರಗಸದ ಹಲ್ಲಿನಂತಾಗುತ್ತದೆ. ಎಲೆಯ ಮೈಮೇಲೆ ಆಕಾಶ ಪ್ರತಿಫಲಿಸಿದ ಹೊಳಪಿನ ಚುಕ್ಕೆಗಳು ಮಾಸ್ಕಿನಲ್ಲಿ ತೂತಾಗಿ ಬರುತ್ತವೆ, ಅವನ್ನು ಬ್ರಷ್ಷಿನಿಂದ ಮುಚ್ಚಬೇಕು. ಕೆಳಗೆ, ಅಣ್ಣನ ಭುಜದ ಹತ್ತಿರ, ಎಲೆಗಳ ಹಿಂದೆ ಆಕಾಶವಿಲ್ಲ, ದೂರದ ಮರಗಳ ಹಸಿರು. ಹಸಿರಿನ ಮೇಲೆ ಹಸಿರು, ಅಲ್ಲಿ ಯಾವ ಚಾನೆಲೂ ಉಪಯೋಗಕ್ಕೆ ಬರಲಿಲ್ಲ. ಹನ್ನೊಂದು ಎಲೆಗಳನ್ನು ಕೈಯಲ್ಲೇ ಬಿಡಿಸಿದೆ.

ಈ ಮಾಸ್ಕನ್ನು ಬೇಲಿಯ ಮಾಸ್ಕಿನ ಜೊತೆ ಸೇರಿಸಿ ಗ್ರೂಪಿಗೆ ಹಾಕಿದಾಗ, ಕೂದಲಿನ ಮುಂದಿನ ಪ್ರತಿ ಎಲೆಯ ಸುತ್ತ ಬಿಳಿ ಗೆರೆ ಬಂತು. ಸೀಮೆಸುಣ್ಣದಲ್ಲಿ ಎಲೆಗೆ ಗೆರೆ ಎಳೆದ ಹಾಗೆ.

ಮಾಸ್ಕ್ ತಪ್ಪಾಗಿದೆ ಅಂದುಕೊಂಡೆ. ಒಂದು ಪಿಕ್ಸೆಲ್ ಒಳಕ್ಕೆ ತಂದೆ, ಎರಡು ತಂದೆ, ನಾಲ್ಕು ತಂದೆ. ಗೆರೆ ತೆಳುವಾಯಿತು, ಜೊತೆಗೆ ಎಲೆಗಳೂ ಸಣಕಲಾದವು. ತೊಟ್ಟುಗಳು ಮಾಯವಾಗಿ ಎಲೆಗಳು ಗಾಳಿಯಲ್ಲಿ ತೇಲತೊಡಗಿದವು. ಬೇಲಿಯ ಮೂರು ಪಿಕ್ಸೆಲ್ ಅಂಚಿಗೆ ನಡೆದ ಉಪಾಯ ಹತ್ತು ಪಿಕ್ಸೆಲ್ ಅಂಚಿಗೆ ನಡೆಯಲಿಲ್ಲ.

ಮಾಸ್ಕ್ ಸರಿಯಾಗಿಯೇ ಇತ್ತು. ದೋಷ ಇದ್ದದ್ದು ಅಂಚಿನ ಪಿಕ್ಸೆಲ್‌ಗಳ ಬಣ್ಣದಲ್ಲಿ. ಮಸುಕಾದ ಎಲೆಯ ಅಂಚಿನಲ್ಲಿ ಸರಿಯಾಗಿ ನಡುವಿನ ಒಂದು ಪಿಕ್ಸೆಲ್ ತೆಗೆದುಕೊಳ್ಳಿ. ಅದರಲ್ಲಿ ಅರ್ಧ ಎಲೆ, ಅರ್ಧ ಆಕಾಶ. ಎಲೆಯ ಹೊಳಪು 60, ಆಕಾಶದ್ದು 240 ಅಂದರೆ ಆ ಪಿಕ್ಸೆಲ್ 150. ಕೂದಲು 30 ಎಂದಿಟ್ಟುಕೊಳ್ಳಿ. ಅಣ್ಣ ನಿಜವಾಗಿಯೂ ಅಲ್ಲಿ ನಿಂತಿದ್ದರೆ ಆ ಪಿಕ್ಸೆಲ್‌ನಲ್ಲಿ ಅರ್ಧ ಎಲೆ, ಅರ್ಧ ಕೂದಲು ಇರುತ್ತಿತ್ತು. ಮಾಸ್ಕ್ ಕೊಟ್ಟದ್ದು ಬೇರೆ:

```
ಇರಬೇಕಾದದ್ದು:  0.5 × 60  + 0.5 × 30 = 45
ಬಂದದ್ದು:      0.5 × 150 + 0.5 × 30 = 90
```

ಆ 150ರೊಳಗೆ ಅರ್ಧ ಆಕಾಶ ಆಗಲೇ ಬೆರೆತು ಕೂತಿದೆ. ಮಾಸ್ಕ್ ಎಷ್ಟೇ ನಿಖರವಾಗಿದ್ದರೂ ಅದನ್ನು ಬೇರ್ಪಡಿಸಲಾರದು, ಹಾಲಿನಲ್ಲಿ ಬೆರೆತ ನೀರಿನ ಹಾಗೆ. ಇರಬೇಕಾದ ಹೊಳಪಿನ ಎರಡರಷ್ಟು ಬಂದದ್ದೇ ಆ ಬಿಳಿ ಗೆರೆ. ಭುಜದ ಹತ್ತಿರ, ಹಸಿರು ಹಿನ್ನೆಲೆಯ ಹನ್ನೊಂದು ಎಲೆಗಳಿಗೆ ಗೆರೆ ಯಾಕೆ ಬರಲಿಲ್ಲ ಎಂಬುದಕ್ಕೂ ಇದೇ ಉತ್ತರ: ಅಲ್ಲಿ ಎಲೆಗೂ ಹಿನ್ನೆಲೆಗೂ ಹೊಳಪಿನ ಅಂತರವೇ ಕಡಿಮೆ.

ಹೇಗಿರಬೇಕು ಎಂಬುದಕ್ಕೆ ಮಾದರಿ ಅದೇ ಫೋಟೋದಲ್ಲಿತ್ತು. ಅದೇ ಕೊಂಬೆಯ ಒಂದು ಕವಲು ಅಳಿಯನ ತಲೆಯ ಮುಂದೆಯೂ ಹಾದುಹೋಗಿತ್ತು. ಅಲ್ಲಿ ಎಲೆ ಹಸಿರಿನಿಂದ ಕಪ್ಪಿಗೆ ಮೆಲ್ಲಗೆ ಇಳಿಯುತ್ತದೆ, ನಡುವೆ ಎಲ್ಲೂ ಬೆಳಕು ಏರುವುದಿಲ್ಲ. ಅದನ್ನು ಒಂದು ಕಿಟಕಿಯಲ್ಲಿ ಹಿಗ್ಗಿಸಿಟ್ಟುಕೊಂಡೇ ಮುಂದಿನ ಕೆಲಸ ಮಾಡಿದೆ.

ಪರಿಹಾರ ಇದು. ಎಲೆಯನ್ನು ಅಣ್ಣನಲ್ಲಿ ತೂತು ಕೊರೆದು ತೋರಿಸುವ ಬದಲು, ಎಲೆಯನ್ನೇ ಪ್ರತ್ಯೇಕ ಲೇಯರಾಗಿ ಅವನ ಮೇಲೆ ಇಡುವುದು, ಆದರೆ ಅಂಚಿನಲ್ಲಿ ಆಕಾಶದ ಬಣ್ಣ ತೆಗೆದು ಎಲೆಯ ಬಣ್ಣ ತುಂಬಿ. ಗ್ರೂಪಿನ ಮಾಸ್ಕಿನಿಂದ ಕೊಂಬೆಯನ್ನು ತೆಗೆದುಹಾಕಿದೆ, ಬೇಲಿ ಮಾತ್ರ ಉಳಿಯಿತು. ಮೂಲ ಫೋಟೋದ ಒಂದು ಪ್ರತಿಯನ್ನು ಗ್ರೂಪಿನೊಳಗೆ ಅಣ್ಣನ ಮೇಲೆ ಇಟ್ಟೆ. ಆ ಪ್ರತಿಯಲ್ಲಿ ಎಲೆಗಳ ಒಳಭಾಗವನ್ನು ಸೆಲೆಕ್ಷನ್ನಿನಿಂದ ಕಾಪಾಡಿಕೊಂಡು, ಉಳಿದದ್ದಕ್ಕೆ Filter ಮೆನುವಿನ Other ನಲ್ಲಿರುವ Minimum ಅನ್ನು 10 ಪಿಕ್ಸೆಲ್ ಕೊಟ್ಟೆ. ಈ ಫಿಲ್ಟರ್ ಪ್ರತಿ ಪಿಕ್ಸೆಲ್‌ಗೂ ಅದರ ಸುತ್ತಲಿನ ಅತಿ ಕಡುವಾದ ಬೆಲೆಯನ್ನು ಕೊಡುತ್ತದೆ. ಎಲೆ ಆಕಾಶಕ್ಕಿಂತ ಕಡು, ಹಾಗಾಗಿ ಎಲೆಯ ಬಣ್ಣ ಹೊರಕ್ಕೆ ಉಬ್ಬಿ ಅಂಚಿನ ಬೆಳ್ಳನೆಯ ಪಿಕ್ಸೆಲ್‌ಗಳನ್ನು ನುಂಗಿಬಿಡುತ್ತದೆ. ಒಳಭಾಗ ಕಾಪಾಡದಿದ್ದರೆ ಎಲೆಯ ನರ, ಹೊಳಪು ಎಲ್ಲ ಕಲಸಿ ಹಸಿರು ಮುದ್ದೆಯಾಗುತ್ತದೆ. ಈಗ ಎಲೆಗಳು ದಪ್ಪಗೆ, ವಿಕಾರವಾಗಿ ಕಾಣುತ್ತವೆ, ಅದು ತಾತ್ಕಾಲಿಕ. ಈ ಲೇಯರಿಗೆ ಮೊದಲು ಮಾಡಿಟ್ಟ ಎಲೆಯ ಮಾಸ್ಕ್ ಹಾಕಿದ ಕೂಡಲೇ ಆಕಾರ ಮತ್ತೆ ಸರಿಹೋಯಿತು. ಅಂಚಿನ ನಡುವಿನ ಪಿಕ್ಸೆಲ್‌ನಲ್ಲಿ ಈಗ ಅರ್ಧ ಪಾಲು ಎಲೆಯ 60, ಅರ್ಧ ಪಾಲು ಕೂದಲಿನ 30. ಬಿಳಿ ಗೆರೆ ಹೋಯಿತು, ತೊಟ್ಟುಗಳು ಉಳಿದವು.

ಒಂದು ಎಚ್ಚರ ಬೇಕಿತ್ತು. ಎಲೆಯ ಈ ಲೇಯರ್ ಅಣ್ಣನ ಆಕಾರದ ಹೊರಗೂ ಕಾಣಿಸಿದರೆ, ಆಕಾಶದ ಮೇಲಿನ ಎಲೆಗಳ ಅಂಚು ಒಮ್ಮೆ ಮೂಲದಲ್ಲಿ, ಇನ್ನೊಮ್ಮೆ ಇಲ್ಲಿ ಬಣ್ಣ ಹತ್ತಿಸಿಕೊಂಡು ಕಪ್ಪಾಗುತ್ತದೆ. ಅದಕ್ಕೇ ಅದನ್ನೂ ಅಣ್ಣನ ಲೇಯರಿಗೆ Create Clipping Mask ಮಾಡಿ ಕಟ್ಟಿದೆ. ಅವನಿರುವಲ್ಲಿ ಹೊಸ ಎಲೆ, ಇಲ್ಲದಲ್ಲಿ ಮೂಲ ಎಲೆ. ಒಂದೇ ಎಲೆ ಅರ್ಧ ಕೂದಲಿನ ಮೇಲೂ ಅರ್ಧ ಆಕಾಶದ ಮೇಲೂ ಇದ್ದ ಕಡೆ ಹಿಗ್ಗಿಸಿ ನೋಡಿದೆ, ಬೆಸುಗೆ ಕಾಣಲಿಲ್ಲ. ಹಿನ್ನೆಲೆ ಎಲೆಗಿಂತ ಕಪ್ಪಾಗಿದ್ದು ಎಲೆಯೇ ಬೆಳ್ಳಗಿದ್ದರೆ Minimum ಬದಲು Maximum ಬಳಸಬೇಕು. ಅರ್ಧ ಹಾಗೆ, ಅರ್ಧ ಹೀಗೆ ಇದ್ದರೆ ಎರಡೂ ಕೆಲಸಕ್ಕೆ ಬಾರವು, ಅಂಚಿಗೆ ಕ್ಲೋನ್ ಸ್ಟಾಂಪಿನಿಂದ ಎಲೆಯ ಬಣ್ಣವನ್ನು ಕೈಯಲ್ಲೇ ಎಳೆಯಬೇಕು.

ಒಂದು ಎಲೆ ಮಾತ್ರ ಅಣ್ಣನ ಕಣ್ಣಿನ ಮೇಲೇ ಬರುತ್ತಿತ್ತು. ಅದನ್ನು ತೆಗೆದುಬಿಟ್ಟೆ. ಅವನು ನಿಜವಾಗಿ ಅಲ್ಲಿ ನಿಂತಿದ್ದರೆ ಫೋಟೋ ತೆಗೆಯುವವರೇ 'ಸ್ವಲ್ಪ ಈ ಕಡೆ ಬನ್ನಿ' ಅನ್ನುತ್ತಿದ್ದರು.

ಇಷ್ಟಾದ ಮೇಲೂ ಚಿತ್ರ ಒಪ್ಪಲಿಲ್ಲ. ಕೊಂಬೆ ಸರಿ, ಬೇಲಿಯ ಅಂಚು ಸರಿ, ಆದರೂ ಅಣ್ಣ ಬೇಲಿಯಿಂದ ಎಷ್ಟೋ ದೂರ, ಹಿಂದಿನ ಪರದೆಯ ಮೇಲೆ ಬರೆದ ಚಿತ್ರದಂತೆ ಕಾಣುತ್ತಿದ್ದ. ಕಾರಣ ಪಕ್ಕದವನ ಪ್ಯಾಂಟಿನಲ್ಲಿತ್ತು. ಬಿಸಿಲು ಕ್ಯಾಮೆರಾ ಕಡೆಯಿಂದ, ಎಡ ಮೇಲಿನಿಂದ ಬೀಳುತ್ತಿತ್ತು. ಅಳಿಯನ ಪ್ಯಾಂಟಿನ ಮೇಲೆ ಬೇಲಿಯ ಪಟ್ಟಿಗಳ ನೆರಳು ಸಾಲಾಗಿ ಬಿದ್ದಿದ್ದು, ಪ್ರತಿ ಸಂದಿಯ ಬಲ ಅರ್ಧ ನೆರಳು, ಎಡ ಅರ್ಧ ಬಿಸಿಲು. ಅಣ್ಣನ ಕಾಲಿನ ಮೇಲೆ ಸಂದಿಯ ತುಂಬ ಬಿಸಿಲು. ಬೇಲಿ ಅವನನ್ನು ಮುಚ್ಚುತ್ತಿತ್ತು, ಆದರೆ ಅವನ ಮೇಲೆ ನೆರಳು ಚೆಲ್ಲುತ್ತಿರಲಿಲ್ಲ.

ಉಳಿಸಿಟ್ಟ 'ಬೇಲಿ' ಚಾನೆಲ್ ಆಗ ಕೈಹಿಡಿಯಿತು. ಅದನ್ನು ಸೆಲೆಕ್ಷನ್ನಾಗಿ ತೆರೆದು, ಅಣ್ಣನ ಲೇಯರಿನ ಮೇಲೆ, ಎಲೆಗಳ ಲೇಯರಿನ ಕೆಳಗೆ, ಹೊಸ ಲೇಯರಿನಲ್ಲಿ ತಣ್ಣನೆಯ ಕಡು ಬಣ್ಣ ತುಂಬಿ, ಕೆಳಗಿನ ಚಿತ್ರವನ್ನು ಕಡು ಮಾಡುವ Multiply ಗೆ ಹಾಕಿ, ಅಣ್ಣನ ಆಕಾರಕ್ಕೆ ಕಟ್ಟಿದೆ. ಎಷ್ಟು ಸರಿಸಬೇಕು ಎಂಬುದನ್ನು ಅಳಿಯನ ಪ್ಯಾಂಟಿನಲ್ಲೇ ಅಳೆದೆ: ಪಟ್ಟಿಯ ತುದಿಗೂ ಅದರ ನೆರಳಿನ ತುದಿಗೂ ಬಲಕ್ಕೆ 140 ಪಿಕ್ಸೆಲ್, ಕೆಳಕ್ಕೆ 300. ಅಣ್ಣನೂ ಅದೇ ಸಾಲಿನಲ್ಲಿ ನಿಂತಿರುವುದರಿಂದ ಅದೇ ಅಳತೆ. ಅವನು ಇನ್ನೂ ಹಿಂದೆ ನಿಂತಿದ್ದರೆ ನೆರಳು ಅದೇ ದಿಕ್ಕಿನಲ್ಲಿ ಇನ್ನೂ ದೂರ ಜಾರುತ್ತಿತ್ತು. ಬಿಸಿಲು ಹಿಂದಿನಿಂದ ಬರುತ್ತಿದ್ದರೆ ಈ ಕೆಲಸವೇ ಬೇಕಿರಲಿಲ್ಲ, ಬೇಲಿಯ ನೆರಳು ಕ್ಯಾಮೆರಾದ ಕಡೆಯ ಹುಲ್ಲಿನ ಮೇಲೆ ಬೀಳುತ್ತಿತ್ತು.

ನೆರಳನ್ನು ಎಷ್ಟು ಮಸುಕು ಮಾಡಬೇಕು ಎನ್ನುವಲ್ಲಿ ಕೈ ತಡೆಯುವುದು ಕಷ್ಟ. ನೆರಳು ಅಂದ ಕೂಡಲೇ ಮೂವತ್ತು ಪಿಕ್ಸೆಲ್ ಬ್ಲರ್ ಕೊಡುವ ಚಾಳಿ ನನಗೂ ಇತ್ತು. ಸೂರ್ಯನ ಬಿಂಬ ನಮಗೆ ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತದೆ. ಹಾಗಾಗಿ ನೇರ ಬಿಸಿಲಿನಲ್ಲಿ ನೆರಳಿನ ಅಂಚಿನ ಮಸುಕು, ವಸ್ತುವಿನಿಂದ ಅದರ ನೆರಳಿಗೆ ಬೆಳಕು ಸಾಗುವ ದೂರದ ನೂರರಲ್ಲಿ ಒಂದು ಪಾಲಿನಷ್ಟು. ಇಲ್ಲಿ ಬೇಲಿಗೂ ಜನರಿಗೂ ಒಂದು ಗೇಣು ಅಂತರ. ಬೆಳಕು ಓರೆಯಾಗಿ ಸಾಗುವ ದೂರವನ್ನು ಚಿತ್ರದ ಅಳತೆಗೆ ತಂದರೆ ಸುಮಾರು 430 ಪಿಕ್ಸೆಲ್. ಅಂಚು ನಾಲ್ಕು ಪಿಕ್ಸೆಲ್ ಮಸುಕಾದರೆ ಸಾಕು, ಬ್ಲರಿನ ಬೆಲೆ ಎರಡರ ಹತ್ತಿರ. ಅಳಿಯನ ಪ್ಯಾಂಟಿನ ನೆರಳೂ ಅಷ್ಟೇ ಚೂಪಾಗಿತ್ತು. ಪ್ಯಾಂಟಿನ ಮಡಿಕೆಗಳಲ್ಲಿ ಮಾತ್ರ ನೆರಳಿನ ಗೆರೆಯನ್ನು ಕೈಯಿಂದ ಸ್ವಲ್ಪ ಬಾಗಿಸಿದೆ, ನೇರ ಗೆರೆ ಮಡಿಕೆಯ ಮೇಲೆ ನೇರವಾಗಿಯೇ ಉಳಿಯುವುದಿಲ್ಲ.

ನೆರಳು ಬಿದ್ದ ಕ್ಷಣವೇ ಅಣ್ಣ ಬೇಲಿಯ ಪಕ್ಕಕ್ಕೆ ಬಂದು ನಿಂತ.

ಹುಲ್ಲಿನ ನೆನಪಾದದ್ದು ಕೊನೆಗೆ. ಉಳಿದವರೆಲ್ಲರ ಬೂಟಿನ ಅಡಿ ಹುಲ್ಲಿನಲ್ಲಿ ಅರ್ಧ ಬೆರಳು ಮುಳುಗಿತ್ತು, ಅಣ್ಣನದು ಮಾತ್ರ ಹುಲ್ಲಿನ ಮೇಲೆ ಸ್ಟಿಕರ್ ಅಂಟಿಸಿದಂತೆ ಪೂರ್ತಿ ಕಾಣುತ್ತಿತ್ತು. ಅವನ ಸ್ವಂತ ಮಾಸ್ಕಿನಲ್ಲಿ ಮೂರು ಪಿಕ್ಸೆಲ್‌ನ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಗೀರುತ್ತಾ ಎಸಳುಗಳನ್ನು ಬೂಟಿನ ಮೇಲೆ ತಂದೆ. ಬುಡದಲ್ಲಿ ಚೂರು ಕಪ್ಪು ಹಾಕಿದೆ.

ಚಿತ್ರ ಕಳಿಸಿದ ಮಾರನೆಯ ದಿನ ಫೋನ್ ಬಂತು. 'ಎಲ್ಲ ಚೆನ್ನಾಗಿದೆ ಸರ್. ಅಣ್ಣ ಅಮ್ಮನ ಕಡೆಗೆ ಇನ್ನೊಂಚೂರು ಹತ್ತಿರ ಬಂದರೆ ಆಗುತ್ತಾ?' ಅಣ್ಣನ ಲೇಯರ್ ಒಂದನ್ನೇ ಆಯ್ದು 60 ಪಿಕ್ಸೆಲ್ ಎಡಕ್ಕೆ ಸರಿಸಿದೆ. ಬೇಲಿ, ನೆರಳು, ಎಲೆ ಎಲ್ಲವೂ ತಮ್ಮ ಜಾಗದಲ್ಲೇ ನಿಂತವು, ಅವನು ಅವುಗಳ ಹಿಂದೆ ಜರುಗಿದ. ಬೂಟಿನ ಹುಲ್ಲು ಅವನ ಸ್ವಂತ ಮಾಸ್ಕಿನಲ್ಲಿ ಇದ್ದದ್ದರಿಂದ ಅವನ ಜೊತೆಗೇ ಸರಿದು, ನಿಜವಾದ ಎಸಳುಗಳಿಗೆ ಹೊಂದದೆ ಹೋಯಿತು. ಅದನ್ನು ಅಳಿಸಿ, ಈ ಸಲ ಗ್ರೂಪಿನ ಮಾಸ್ಕಿನಲ್ಲಿ ಮತ್ತೆ ಗೀರಿದೆ.